ಮಾನಿಟರ್ ಕೊಳ್ಳುವ ಮುನ್ನ ಕೋಣೆಯ ಬೆಳಕನ್ನು ನೋಡಿ

ಕಂಪ್ಯೂಟರಿಗೆ ಹೊಸ ಮಾನಿಟರ್ ಕೊಳ್ಳಲು ಹೊರಟವರ ಮುಂದೆ ಬರುವ ಒಂದು ಆಯ್ಕೆಯ ಬಗ್ಗೆ ಇವತ್ತು ಮಾತನಾಡುತ್ತೇನೆ. ಒಂದೇ ಅಳತೆಯ, ಹೆಚ್ಚುಕಡಿಮೆ ಒಂದೇ ಬೆಲೆಯ ಎರಡು ಮಾನಿಟರ್‌ಗಳು ಎದುರಿಗಿರುತ್ತವೆ. ಒಂದರ ವಿವರಪಟ್ಟಿಯಲ್ಲಿ ಐಪಿಎಸ್ ಎಂದಿರುತ್ತದೆ, ಇನ್ನೊಂದರಲ್ಲಿ ವಿಎ ಎಂದಿರುತ್ತದೆ. ಐಪಿಎಸ್‌ನ ಕಾಂಟ್ರಾಸ್ಟ್ 1000:1 ಎಂದು ಬರೆದಿದ್ದರೆ ವಿಎಯದು 3000:1 ಎಂದು ಬರೆದಿರುತ್ತದೆ. ಪರದೆ ತೋರಿಸಬಲ್ಲ ಬಿಳುಪು ಅದೇ ಪರದೆಯ ಕಪ್ಪಿಗಿಂತ ಎಷ್ಟು ಪಟ್ಟು ಪ್ರಖರ ಎಂಬುದೇ ಕಾಂಟ್ರಾಸ್ಟ್. ಮೂರು ಪಟ್ಟು ಹೆಚ್ಚಿದೆಯಲ್ಲ, ಅದೇ ಇರಲಿ ಎಂದು ಕೆಲವರು ವಿಎ ಕೊಳ್ಳುತ್ತಾರೆ. ಬಲ್ಲವರು ಐಪಿಎಸ್ಸೇ ಒಳ್ಳೆಯದು ಅಂದರು ಎಂದು ಇನ್ನು ಕೆಲವರು ಅದನ್ನು ತರುತ್ತಾರೆ. ಇಬ್ಬರೂ ಒಂದು ಸಂಗತಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ವಿವರಪಟ್ಟಿಯ ಆ ಸಂಖ್ಯೆಯನ್ನು ಅಳೆದದ್ದು ಕತ್ತಲೆಯಲ್ಲಿ. ನಾವು ಕೂತು ಕೆಲಸ ಮಾಡುವ ಕೋಣೆಯ ಬೆಳಕು ಆ ಮೂರು ಪಟ್ಟನ್ನು ಪೂರ್ತಿ ಉಳಿಸಿಕೊಳ್ಳಲೂಬಹುದು, ಬಹುಪಾಲು ಅಳಿಸಿಹಾಕಲೂಬಹುದು. ಆದ್ದರಿಂದ ಪರದೆಯ ಜಾತಿಯನ್ನು ಆರಿಸುವ ಮೊದಲು ಅದು ಯಾವ ಬೆಳಕಿನಲ್ಲಿ ಇರಲಿದೆ, ಅದರ ಮುಂದೆ ಯಾರು ಎಲ್ಲಿ ಕೂರುತ್ತಾರೆ ಎಂದು ನೋಡಬೇಕು ಎಂಬುದು ನನ್ನ ವಾದ.

ಮೊದಲು ಈ ಎರಡು ಪರದೆಗಳು ಒಳಗೆ ಹೇಗೆ ಬೇರೆ ಎಂಬುದನ್ನು ನೋಡೋಣ. ಎರಡೂ ಎಲ್‌ಸಿಡಿಗಳೇ. ಹಿಂದೆ ಎಲ್‌ಇಡಿ ದೀಪಗಳ ಬೆಳಕು ಸದಾ ಉರಿಯುತ್ತಿರುತ್ತದೆ. ಅದರ ಮುಂದೆ ಎರಡು ಧ್ರುವೀಕರಣ ಹಾಳೆಗಳು, ಅವುಗಳ ನಡುವೆ ದ್ರವಹರಳಿನ ತೆಳುವಾದ ಪದರ. ಎರಡು ಹಾಳೆಗಳನ್ನು ಒಂದಕ್ಕೊಂದು ಅಡ್ಡವಾಗಿ ಇಟ್ಟಿರುವುದರಿಂದ, ನಡುವಿನ ಹರಳು ಏನೂ ಮಾಡದಿದ್ದರೆ ಬೆಳಕು ಹೊರಗೆ ಬರುವುದಿಲ್ಲ. ವಿದ್ಯುತ್ ಕೊಟ್ಟಾಗ ಹರಳಿನ ಅಣುಗಳು ತಿರುಗಿ ಬೆಳಕಿನ ಧ್ರುವೀಕರಣವನ್ನು ಬದಲಿಸುತ್ತವೆ, ಆಗ ಬೆಳಕು ಮುಂದಿನ ಹಾಳೆಯನ್ನು ದಾಟುತ್ತದೆ. ಐಪಿಎಸ್‌ನಲ್ಲಿ ಈ ಅಣುಗಳು ಗಾಜಿಗೆ ಸಮಾನಾಂತರವಾಗಿ ಮಲಗಿರುತ್ತವೆ, ಮಲಗಿದಲ್ಲಿಯೇ ತಿರುಗುತ್ತವೆ. ಮಲಗಿದ ಅಣುಗಳೆಲ್ಲ ಹಾಳೆಯ ದಿಕ್ಕಿಗೆ ಕರಾರುವಾಕ್ಕಾಗಿ ಹೊಂದಿಕೊಂಡಿದ್ದರೆ ಮಾತ್ರ ಪೂರ್ತಿ ಕಪ್ಪು. ಆದರೆ ಅಷ್ಟು ನಿಖರವಾಗಿ ಅವು ಹೊಂದಿಕೊಳ್ಳುವುದಿಲ್ಲ. ಮುಚ್ಚಿದ ಬಾಗಿಲಿನ ಸಂದಿಯಿಂದ ಬೆಳಕು ಸೋರುವಂತೆ ಸ್ವಲ್ಪ ಬೆಳಕು ಸೋರುತ್ತದೆ. ವಿಎಯಲ್ಲಿ ವಿದ್ಯುತ್ ಇಲ್ಲದಾಗ ಅಣುಗಳು ಗಾಜಿಗೆ ನೆಟ್ಟಗೆ ನಿಂತಿರುತ್ತವೆ. ಎದುರಿನಿಂದ ಹಾಯುವ ಬೆಳಕಿಗೆ ಅವು ಇದ್ದೂ ಇಲ್ಲದಂತೆ. ಎರಡು ಹಾಳೆಗಳು ತಡೆಯುವಷ್ಟನ್ನೂ ತಡೆದೇ ತಡೆಯುತ್ತವೆ. ವಿಎಯ ಕಪ್ಪು ಹೆಚ್ಚು ಕಪ್ಪಾಗಿರುವುದಕ್ಕೆ ಕಾರಣ ಇದೇ. ಈ ಎರಡೂ ವಿಧಾನಗಳು 1990ರ ದಶಕದಲ್ಲಿ ಜಪಾನಿನಲ್ಲಿ ಬೆಳೆದು ಮಾರುಕಟ್ಟೆಗೆ ಬಂದವು. ಐಪಿಎಸ್ ಹಿಟಾಚಿಯ ಕೈಯಲ್ಲಿ, ವಿಎ ಫುಜಿತ್ಸುವಿನ ಕೈಯಲ್ಲಿ. ಈ ಮಲಗುವ, ನಿಲ್ಲುವ ವ್ಯತ್ಯಾಸವನ್ನು ನೆನಪಿನಲ್ಲಿಡಿ. ಮುಂದೆ ಹೇಳುವ ಗುಣದೋಷಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ.

ಈಗ ಬೆಳಕಿನ ಲೆಕ್ಕ. ದಿನವಿಡೀ ಕೂತು ಓದಲು ಹಿತವಾಗುವಂತೆ ಎರಡೂ ಪರದೆಗಳ ಬಿಳುಪನ್ನು 120 ನಿಟ್‌ಗೆ ಇಟ್ಟುಕೊಳ್ಳೋಣ. ನಿಟ್ ಎಂದರೆ ಪರದೆಯ ಪ್ರಕಾಶವನ್ನು ಅಳೆಯುವ ಮಾನ. ಆಗ ಐಪಿಎಸ್‌ನ ಕಪ್ಪು 0.12 ನಿಟ್, ವಿಎಯ ಕಪ್ಪು 0.04 ನಿಟ್. ಇದು ಪರದೆ ತಾನೇ ಸೂಸುವ ಬೆಳಕು. ಆದರೆ ಕೋಣೆಯ ಬೆಳಕೂ ಪರದೆಯ ಮೇಲೆ ಬಿದ್ದು ಕಣ್ಣಿಗೆ ಮರಳುತ್ತದೆ. ಸಾಮಾನ್ಯ ಕಚೇರಿಯಲ್ಲಿ ಸುಮಾರು 300 ಲಕ್ಸ್ ಬೆಳಕಿರುತ್ತದೆ. ಹೊಳಪಿಲ್ಲದ ಪರದೆ ಅದರಲ್ಲಿ ನೂರಕ್ಕೆ ಒಂದು ಭಾಗವನ್ನು ಎಲ್ಲ ದಿಕ್ಕಿಗೂ ಚೆದುರಿಸುತ್ತದೆ ಎಂದು ಹಿಡಿದರೂ ಸುಮಾರು 1 ನಿಟ್ ಆಗುತ್ತದೆ. ಈ 1 ನಿಟ್ ಬಿಳುಪಿಗೂ ಸೇರುತ್ತದೆ, ಕಪ್ಪಿಗೂ ಸೇರುತ್ತದೆ. ಬಿಳುಪು 120 ಇದ್ದದ್ದು 121 ಆದರೆ ಯಾರಿಗೂ ತಿಳಿಯದು. ಕಪ್ಪಿನ ಕಥೆ ಬೇರೆ. ಐಪಿಎಸ್‌ನ ಕಪ್ಪು 1.12 ಆಯಿತು, ವಿಎಯ ಕಪ್ಪು 1.04 ಆಯಿತು. ಭಾಗಿಸಿ ನೋಡಿದರೆ ಐಪಿಎಸ್‌ಗೆ ಸಿಗುವ ಕಾಂಟ್ರಾಸ್ಟ್ ಸುಮಾರು 108, ವಿಎಗೆ ಸುಮಾರು 116. ಡಬ್ಬದ ಮೇಲಿದ್ದ ಮೂರು ಪಟ್ಟು ವ್ಯತ್ಯಾಸ ಮೇಜಿನ ಮೇಲೆ ನೂರಕ್ಕೆ ಎಂಟರಷ್ಟಕ್ಕೆ ಇಳಿಯಿತು. ಅದೇ ಕೋಣೆಯಲ್ಲಿ ರಾತ್ರಿ ದೀಪ ಆರಿಸಿ, ಬೆಳಕನ್ನು 3 ಲಕ್ಸ್‌ಗೆ, ಅಂದರೆ ನೂರರಲ್ಲಿ ಒಂದು ಪಾಲಿಗೆ ಇಳಿಸಿ. ಮರಳುವ ಬೆಳಕು 0.01 ನಿಟ್‌ಗೆ ಇಳಿಯುತ್ತದೆ. ಐಪಿಎಸ್‌ನ ಕಾಂಟ್ರಾಸ್ಟ್ ಸುಮಾರು 920, ವಿಎಯದು 2400. ಪರದೆಗಳು ಅವೇ, ಅವುಗಳ ಒಳಗೆ ಏನೂ ಬದಲಾಗಿಲ್ಲ. ದೀಪದ ಸ್ವಿಚ್ಚು ಮಾತ್ರ ಬದಲಾಗಿದೆ.

ಹಗಲಿನಲ್ಲಿ ಪರದೆಯ ಪ್ರಖರತೆ ಹೆಚ್ಚಿಸಿಕೊಂಡರೆ ಆಯಿತಲ್ಲ, ಆಗ ವಿಎಯ ಲಾಭ ಮರಳಿ ಬರುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಬಿಳುಪನ್ನು 250 ನಿಟ್‌ಗೆ ಏರಿಸಿ ಲೆಕ್ಕ ಹಾಕಿದರೆ ಐಪಿಎಸ್‌ಗೆ ಸುಮಾರು 200, ವಿಎಗೆ ಸುಮಾರು 230 ಸಿಗುತ್ತದೆ. ಇಬ್ಬರೂ ಮೇಲಕ್ಕೆ ಬಂದರು, ಅಂತರ ಮಾತ್ರ ಸ್ವಲ್ಪವೇ ಹಿಗ್ಗಿತು. ಕಿಟಕಿಯ ಬೆಳಕು ನೇರವಾಗಿ ಪರದೆಗೆ ಬೀಳುತ್ತಿದ್ದರೆ ಅದೂ ಉಳಿಯುವುದಿಲ್ಲ. ಅಂಗಡಿಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ ಆರಿಸುತ್ತೇನೆ ಎನ್ನುವವರಿಗೂ ಇದೇ ಉತ್ತರ. ಅಂಗಡಿಗಳಲ್ಲಿ ತಲೆಯ ಮೇಲೆ ಸಾಲು ಸಾಲು ದೀಪಗಳು ಉರಿಯುತ್ತಿರುತ್ತವೆ. ಆ ಬೆಳಕಿನಲ್ಲಿ ವಿಎಯ ದೊಡ್ಡ ಗುಣವೂ ಕಾಣುವುದಿಲ್ಲ, ಐಪಿಎಸ್‌ನ ದೊಡ್ಡ ದೋಷವೂ ಕಾಣುವುದಿಲ್ಲ. ಅಲ್ಲಿ ಕಣ್ಣನ್ನು ಸೆಳೆಯುವುದು ಯಾವ ಪರದೆಯನ್ನು ಹೆಚ್ಚು ಪ್ರಖರವಾಗಿ ಇಟ್ಟಿದ್ದಾರೆ, ಯಾವುದಕ್ಕೆ ಬಣ್ಣ ಏರಿಸಿದ್ದಾರೆ ಎಂಬುದಷ್ಟೇ.

ಹಾಗಾದರೆ ಕಚೇರಿ ಕೆಲಸಕ್ಕೆ ಕಾಂಟ್ರಾಸ್ಟ್ ನಿರ್ಣಾಯಕವಲ್ಲ. ಅಲ್ಲಿ ನಿರ್ಣಾಯಕವಾಗುವುದು ನೋಟದ ಕೋನ. ಇದನ್ನು ಹೇಳಿದ ಕೂಡಲೇ ಎರಡೂ ಪರದೆಗಳ ವಿವರಪಟ್ಟಿಯಲ್ಲಿ 178 ಡಿಗ್ರಿ ಎಂದೇ ಇದೆಯಲ್ಲ ಎಂಬ ಆಕ್ಷೇಪ ಬರುತ್ತದೆ. ಇದೆ, ನಿಜ. ಆದರೆ ಆ ಸಂಖ್ಯೆಯನ್ನು ಕೊಡುವ ವಾಡಿಕೆಯ ಕ್ರಮ ಹೀಗಿದೆ: ಪಕ್ಕಕ್ಕೆ ಸರಿಯುತ್ತ ಹೋದಂತೆ ಕಾಂಟ್ರಾಸ್ಟ್ 10:1ಕ್ಕೆ ಕುಸಿಯುವವರೆಗಿನ ಕೋನವನ್ನೆಲ್ಲ ನೋಡಬಹುದಾದ ಕೋನ ಎಂದು ಲೆಕ್ಕ ಹಿಡಿಯುತ್ತಾರೆ. 3000ದಿಂದ 10ಕ್ಕೆ ಕುಸಿದದ್ದನ್ನೂ ಒಪ್ಪಿಕೊಳ್ಳುವ ಅಳತೆಗೋಲು ಬಣ್ಣ ಎಲ್ಲಿ ಬದಲಾಗತೊಡಗಿತು ಎಂದು ಹೇಳಲಾರದು. ವಿಎಯಲ್ಲಿ ಅಣುಗಳು ನಿಂತ ಸ್ಥಿತಿಯಿಂದ ಬಾಗುತ್ತವೆ. ಅರ್ಧ ಬಾಗಿದ ಅಣುವನ್ನು ಎದುರಿನಿಂದ ನೋಡಿದಾಗ ಒಂದು ಬೂದು ಕಂಡರೆ ಪಕ್ಕದಿಂದ ನೋಡಿದಾಗ ಅದಕ್ಕಿಂತ ತಿಳಿಯಾದ ಇನ್ನೊಂದು ಬೂದು ಕಾಣುತ್ತದೆ. ಐಪಿಎಸ್‌ನ ಅಣುಗಳು ಮಲಗಿದಲ್ಲೇ ತಿರುಗುವುದರಿಂದ ಎಡದಿಂದ ನೋಡಿದರೂ ಬಲದಿಂದ ನೋಡಿದರೂ ಈ ವ್ಯತ್ಯಾಸ ಬಹಳ ಕಡಿಮೆ.

ಪಕ್ಕದಿಂದ ಯಾರು ನೋಡುತ್ತಾರೆ, ನಾನು ನೇರವಾಗಿಯೇ ಕೂರುತ್ತೇನಲ್ಲ ಎಂದುಕೊಳ್ಳಬೇಡಿ. 27 ಇಂಚಿನ ಮಾನಿಟರ್ ಸುಮಾರು 60 ಸೆಂಟಿಮೀಟರ್ ಅಗಲ ಇರುತ್ತದೆ. ಅದರ ನಡುವಿಗೆ ನೇರವಾಗಿ, 60 ಸೆಂಟಿಮೀಟರ್ ದೂರದಲ್ಲಿ ಕೂತವರಿಗೂ ಪರದೆಯ ಎರಡು ಅಂಚುಗಳು 26 ಡಿಗ್ರಿ ಓರೆಯಾಗಿಯೇ ಕಾಣುತ್ತವೆ. 32 ಇಂಚಿನದಾದರೆ 30 ಡಿಗ್ರಿ. ವಿಎ ಪರದೆಯಲ್ಲಿ ಒಂದೇ ಬೂದು ಬಣ್ಣದ ಕೋಷ್ಟಕ ನಡುವಿನಲ್ಲಿ ಒಂದು ಛಾಯೆ, ಅಂಚಿನಲ್ಲಿ ಇನ್ನೊಂದು ಛಾಯೆ ತೋರುವುದು ಇದರಿಂದಲೇ. ಅನೇಕ ವಿಎ ಮಾನಿಟರ್‌ಗಳನ್ನು ಬಾಗಿದ ಪರದೆಯಾಗಿ ಮಾಡಿದಾಗ ಅಂಚುಗಳು ನೋಡುವವರತ್ತ ತಿರುಗಿ ಈ ದೋಷ ಸ್ವಲ್ಪ ತಗ್ಗುತ್ತದೆ. ಚಿತ್ರ ತಿದ್ದುವವರು, ಪುಸ್ತಕದ ಪುಟ ಅಥವಾ ಮುಖಪುಟ ವಿನ್ಯಾಸ ಮಾಡುವವರು, ಪಕ್ಕದಲ್ಲಿ ಸಹೋದ್ಯೋಗಿಯನ್ನು ಕೂರಿಸಿಕೊಂಡು ಲೆಕ್ಕಪತ್ರ ತೋರಿಸುವವರು ಐಪಿಎಸ್ ಬಿಟ್ಟು ಬೇರೆಯದನ್ನು ಯೋಚಿಸಬೇಕಾಗಿಲ್ಲ. ಬರೀ ಅಕ್ಷರ ಓದುವವರಿಗೆ, ಟೈಪ್ ಮಾಡುವವರಿಗೆ ಈ ಭೇದ ಅಷ್ಟಾಗಿ ಕಾಡದು. ಅವರು ಪ್ಯಾನೆಲ್ಲಿನ ಜಾತಿಗಿಂತ ಚುಕ್ಕಿಗಳ ಸಾಂದ್ರತೆಯನ್ನು ಮೊದಲು ನೋಡಲಿ. 27 ಇಂಚಿನಲ್ಲಿ 1920×1080 ಇದ್ದರೆ ಇಂಚಿಗೆ 82 ಚುಕ್ಕಿಗಳು, 2560×1440 ಇದ್ದರೆ 109. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಚಿಕ್ಕದಾಗಿ ಕೂರುತ್ತವೆ. 82 ಚುಕ್ಕಿಗಳ ಪರದೆಯಲ್ಲಿ ಸಣ್ಣ ಅಕ್ಷರದ ತ-ಒತ್ತು ಯಾವುದು, ನ-ಒತ್ತು ಯಾವುದು ಎಂದು ಕಣ್ಣು ಕಿರಿದು ಮಾಡಿ ನೋಡಬೇಕಾಗುತ್ತದೆ. ಅದನ್ನು ಐಪಿಎಸ್ಸೂ ಸರಿಪಡಿಸದು, ವಿಎಯೂ ಸರಿಪಡಿಸದು.

ಸಿನಿಮಾದ ವಿಷಯಕ್ಕೆ ಬಂದರೆ ತಕ್ಕಡಿ ವಿಎಯ ಕಡೆ ವಾಲುತ್ತದೆ. ಈಗಿನ ಬಹಳಷ್ಟು ಚಿತ್ರಗಳು ಮಾನಿಟರ್‌ಗಿಂತ ಅಗಲವಾದ ಚೌಕಟ್ಟಿನಲ್ಲಿ ತೆಗೆದವು. ಅವನ್ನು ಹಾಕಿದಾಗ ಮೇಲೆ ಕೆಳಗೆ ಕಪ್ಪು ಪಟ್ಟಿಗಳು ಬರುತ್ತವೆ, ಪರದೆಯ ಎತ್ತರದ ಕಾಲು ಭಾಗವನ್ನು ಅವೇ ನುಂಗುತ್ತವೆ. ದೀಪ ಆರಿಸಿದ ಕೋಣೆಯಲ್ಲಿ ಐಪಿಎಸ್‌ನ ಈ ಪಟ್ಟಿಗಳು ಕಪ್ಪಾಗಿರದೆ ಮಂಕು ಬೂದಾಗಿ ಹೊಳೆಯುತ್ತಿರುತ್ತವೆ. ‘ಕಾಂತಾರ’ದ ಕೋಲದ ರಾತ್ರಿಯಂಥ ದೃಶ್ಯವನ್ನು ತೆಗೆದುಕೊಳ್ಳಿ. ಬೆಂಕಿಯ ಬೆಳಕು ಒಂದಿಷ್ಟು ಮುಖಗಳ ಮೇಲೆ ಮಾತ್ರ ಬಿದ್ದು ಹಿಂದಿನ ಕಾಡು ಕತ್ತಲೆಯಲ್ಲಿ ಇರಬೇಕು. ಕತ್ತಲೆಯ ಮೇಲೆ ಬೂದಿನ ತೆರೆ ಎಳೆದರೆ ಬೆಂಕಿಯ ಕೆಂಪೂ ಸೊರಗುತ್ತದೆ. ಒಬ್ಬರೇ, ನೇರವಾಗಿ ಕೂತು, ಕತ್ತಲೆಯಲ್ಲಿ ಸಿನಿಮಾ ನೋಡುವವರಿಗೆ ವಿಎಯೇ ಸರಿ. ಇದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ವಾಕ್ಯದ ಒಬ್ಬರೇ ಎಂಬ ಮಾತನ್ನೂ ಕತ್ತಲೆ ಎಂಬ ಮಾತನ್ನೂ ಬಿಡುವಂತಿಲ್ಲ. ಇಬ್ಬರು ಒಂದು ಮೀಟರ್ ದೂರದಲ್ಲಿ, ನಡುವಿನಿಂದ ತಲಾ 40 ಸೆಂಟಿಮೀಟರ್ ಸರಿದು ಕೂತರೆ, ಆಚೆ ಬದಿಯ ಅಂಚು ಅವರಿಗೆ 35 ಡಿಗ್ರಿ ಓರೆಯಾಗಿ ಕಾಣುತ್ತದೆ. ಅಲ್ಲಿ ವಿಎಯ ನೆರಳುಗಳು ಆಗಲೇ ತಿಳಿಯಾಗತೊಡಗಿರುತ್ತವೆ. ಮನೆಮಂದಿಯೆಲ್ಲ ಸುತ್ತ ಕೂತು ನೋಡುವುದಾದರೆ ವಿಎಗೆ ಕೊಟ್ಟ ಹಣದ ಫಲ ನಡುವೆ ಕೂತವರಿಗಷ್ಟೇ ಸಿಗುತ್ತದೆ. ಐಪಿಎಸ್ ಇದ್ದವರಿಗೂ ಒಂದು ದಾರಿಯಿದೆ. ಮಾನಿಟರಿನ ಹಿಂದೆ, ಗೋಡೆಯ ಕಡೆಗೆ ಮುಖ ಮಾಡಿ ಒಂದು ಮಂದ ದೀಪ ಇಡಿ. ಅದರ ಬೆಳಕು ಪರದೆಯ ಮುಖಕ್ಕೆ ಬೀಳುವುದಿಲ್ಲ. ಸುತ್ತಲ ಗೋಡೆ ತುಸು ಬೆಳಗಿದಾಗ ಕಣ್ಣು ಪೂರ್ತಿ ಕತ್ತಲೆಗೆ ಹೊಂದಿಕೊಳ್ಳದೆ, ಅದೇ ಬೂದು ಕಪ್ಪು ಹೆಚ್ಚು ಕಪ್ಪಾಗಿ ತೋರುತ್ತದೆ.

ಆಟ ಆಡುವವರಿಗೆ ಬೆಳಕು, ಕೋನಗಳ ಜೊತೆ ಮೂರನೆಯ ಅಂಶವೊಂದು ಸೇರುತ್ತದೆ. ಅದು ವೇಗ. 144 ಹರ್ಟ್ಜ್ ಮಾನಿಟರ್ ಸುಮಾರು ಏಳು ಮಿಲಿಸೆಕೆಂಡಿಗೊಮ್ಮೆ ಹೊಸ ಚಿತ್ರ ಬರೆಯುತ್ತದೆ. ಅಷ್ಟರೊಳಗೆ ಹರಳಿನ ಅಣುಗಳು ಹಳೆಯ ಸ್ಥಾನದಿಂದ ಹೊಸ ಸ್ಥಾನಕ್ಕೆ ಬಂದು ಮುಗಿಸಿರಬೇಕು. ವಿಎಯಲ್ಲಿ ನೆಟ್ಟಗೆ ನಿಂತ ಅಣುವನ್ನು ಕೊಂಚವೇ ಬಾಗಿಸಬೇಕಾದಾಗ, ಅಂದರೆ ಕಪ್ಪಿನಿಂದ ಕಡುಬೂದಿಗೆ ಹೋಗುವಾಗ, ಅದರ ಮೇಲೆ ಬೀಳುವ ವಿದ್ಯುತ್ತಿನ ಒತ್ತಡವೂ ಕೊಂಚವೇ. ಅಣು ನಿಧಾನವಾಗಿ ಹೊರಡುತ್ತದೆ. ಸಾಧಾರಣ ವಿಎ ಪರದೆಗಳಲ್ಲಿ ಈ ಒಂದು ಬದಲಾವಣೆಗೆ ಇಪ್ಪತ್ತು ಮೂವತ್ತು ಮಿಲಿಸೆಕೆಂಡ್ ಹಿಡಿಯಬಹುದು. ಮೂರು ನಾಲ್ಕು ಚಿತ್ರಗಳು ದಾಟಿಹೋದರೂ ಮೊದಲನೆಯದರ ಕಪ್ಪು ಅಲ್ಲೇ ಉಳಿದು, ಚಲಿಸುವ ವಸ್ತುವಿನ ಹಿಂದೆ ಮಸಿ ಬಳಿದಂತೆ ಕಾಣುತ್ತದೆ. ಬೆಳ್ಳಗಿನ ದೃಶ್ಯಗಳಲ್ಲಿ ಅದೇ ಪರದೆ ಚುರುಕಾಗಿಯೇ ಇರುತ್ತದೆ. ಆದ್ದರಿಂದ ಸರಾಸರಿ ಸಂಖ್ಯೆ ನೋಡಿದವರಿಗೆ ಇದು ಗೊತ್ತಾಗುವುದಿಲ್ಲ. ಡಬ್ಬದ ಮೇಲಿನ 1 ಮಿಲಿಸೆಕೆಂಡ್ ಎಂಬ ಮಾತನ್ನು ನಂಬಿ ಕೊಳ್ಳಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಅದು ಹಲವು ಬದಲಾವಣೆಗಳ ಪೈಕಿ ಅತಿ ವೇಗದ ಒಂದರದ್ದಾಗಿರಬಹುದು, ಇಲ್ಲವೇ ಹಿಂದಿನ ದೀಪವನ್ನು ಮಿನುಗಿಸಿ ಅಳೆದ ಬೇರೆಯೇ ಅಳತೆಯಾಗಿರಬಹುದು.

ವಿಎ ಈಗ ಬದಲಾಗಿದೆ, ವೇಗದ ವಿಎಗಳು ಬಂದಿವೆ ಎಂಬ ಮಾತೂ ಇದೆ. ನಿಜವೇ. 2020ರಲ್ಲಿ ಬಂದ ಸ್ಯಾಮ್‌ಸಂಗ್ ಒಡಿಸ್ಸಿ ಜಿ7 ಈ ಮಸಿಯನ್ನು ಬಹುಮಟ್ಟಿಗೆ ತೊಡೆದು ತೋರಿಸಿತು. ಆದರೆ ಕಡಿಮೆ ಬೆಲೆಯ ವಿಎಗಳಿಗೆ ಆ ಗುಣ ತಾನಾಗಿಯೇ ಬಂದಿಲ್ಲ, ವಿವರಪಟ್ಟಿ ಎರಡನ್ನೂ ಒಂದೇ ಮಾತಿನಲ್ಲಿ ಹೊಗಳುತ್ತದೆ. ಎದುರಾಳಿಯ ಮೇಲೆ ಕ್ಷಣಾರ್ಧದಲ್ಲಿ ಗುರಿಯಿಡಬೇಕಾದ ಶೂಟಿಂಗ್ ಆಟಗಳನ್ನು ಪಂದ್ಯದಂತೆ ಆಡುವವರು, ಅದರಲ್ಲೂ ಮಿತ ಬೆಲೆಯಲ್ಲಿ ಕೊಳ್ಳುವವರು, ಐಪಿಎಸ್ ಕಡೆಗೇ ಹೋಗುವುದು ಕ್ಷೇಮ. ರಾತ್ರಿ ಒಬ್ಬರೇ ಕೂತು ನಿಧಾನಗತಿಯ ಕಥೆಯ ಆಟ, ಭಯದ ಆಟ, ಬಾಹ್ಯಾಕಾಶದ ಆಟ ಆಡುವವರಿಗೆ ಸಿನಿಮಾದ ನ್ಯಾಯವೇ ಅನ್ವಯಿಸುತ್ತದೆ. ಅಲ್ಲಿ ವಿಎಯ ಕಪ್ಪು ಕೊಡುವ ಸುಖ ಆ ಸಣ್ಣ ಮಸಿಗಿಂತ ದೊಡ್ಡದು.

ಈಗ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಒಂದೇ ಮಾನಿಟರ್, 27 ಇಂಚು. ಹಗಲು ಬೆಳಗ್ಗೆಯಿಂದ ಸಂಜೆಯವರೆಗೆ ಮನೆಯಿಂದಲೇ ಕಚೇರಿ ಕೆಲಸ, ಮೇಜಿನ ಪಕ್ಕದಲ್ಲಿ ಕಿಟಕಿ. ಸಂಜೆ ಮಗಳಿಗೆ ಒಂದೆರಡು ಗಂಟೆ ಆಟ. ವಾರಕ್ಕೊಂದು ಸಿನಿಮಾ, ಇಬ್ಬರು ಮೂವರು ಕೂತು. ಗಂಟೆಗಳ ಲೆಕ್ಕ ಹಾಕಿದರೆ ಬಹುಪಾಲು ಸಮಯ ಪರದೆ ಇರುವುದು ಬೆಳಕಿನಲ್ಲಿ, ಅಲ್ಲಿ ವಿಎಯ ಮೂರು ಪಟ್ಟು ನೂರಕ್ಕೆ ಎಂಟು. ಸಿನಿಮಾದ ಹೊತ್ತಿನಲ್ಲಿ ಕತ್ತಲೆ ಇದೆ, ಆದರೆ ನೋಡುವವರು ಓರೆಯಾಗಿ ಕೂತಿದ್ದಾರೆ. ಹೀಗಾಗಿ ಈ ಮನೆಗೆ 2560×1440 ಚುಕ್ಕಿಗಳ, 100 ಹರ್ಟ್ಜ್ ಅಥವಾ ಅದಕ್ಕಿಂತ ಹೆಚ್ಚಿನ ಐಪಿಎಸ್ ಸರಿ, ಸಿನಿಮಾ ರಾತ್ರಿಗೆ ಹಿಂದೊಂದು ಮಂದ ದೀಪ. ಇದೇ ಮನೆಯಲ್ಲಿ ಕಚೇರಿಯ ಕೆಲಸಕ್ಕೆ ಬೇರೆ ಲ್ಯಾಪ್‌ಟಾಪ್ ಇದ್ದು, ಮಾನಿಟರ್ ಮಲಗುವ ಕೋಣೆಯಲ್ಲಿ ರಾತ್ರಿ ಹೊತ್ತಷ್ಟೇ ಒಬ್ಬರ ಮುಂದೆ ಉರಿಯುವುದಾದರೆ ತೀರ್ಪು ತಿರುವುಮುರುವಾಗುತ್ತದೆ. ಬೆಲೆ ಸ್ವಲ್ಪ ಹೆಚ್ಚಾದರೂ ಅಡ್ಡಿಯಿಲ್ಲ ಎನ್ನುವವರಿಗೆ ಐಪಿಎಸ್ ಬ್ಲ್ಯಾಕ್ ಎಂಬ ನಡುದಾರಿಯಿದೆ. ಅದರ ಕಾಂಟ್ರಾಸ್ಟ್ ಕನಿಷ್ಠ 2000:1, ಅಷ್ಟಕ್ಕೇ ನಮ್ಮ ಕತ್ತಲೆ ಕೋಣೆಯ ಲೆಕ್ಕದಲ್ಲಿ ಸುಮಾರು 1700 ಸಿಗುತ್ತದೆ, ಕೋನದ ಗುಣ ಐಪಿಎಸ್‌ನದೇ. ಒಎಲ್‌ಇಡಿ ಎಲ್ಲಕ್ಕಿಂತ ಮೇಲಲ್ಲವೇ ಎಂದರೆ, ಕತ್ತಲೆಯಲ್ಲಿ ಹೌದು. ಅದರ ಚುಕ್ಕಿಗಳು ಆರಿದಾಗ ಪೂರ್ತಿ ಆರುತ್ತವೆ. ಆದರೆ ದಿನಕ್ಕೆ ಎಂಟು ಗಂಟೆ ಒಂದೇ ಜಾಗದಲ್ಲಿ ಕದಲದೆ ನಿಲ್ಲುವ ಟಾಸ್ಕ್‌ಬಾರ್, ಕೋಷ್ಟಕದ ಗೆರೆಗಳು ಕಾಲಕ್ರಮೇಣ ಅದರಲ್ಲಿ ಅಚ್ಚೊತ್ತಿ ಉಳಿಯುವ ಅಪಾಯವಿದೆ, ಬೆಲೆಯೂ ಹೆಚ್ಚು. ಕಚೇರಿ ಮೇಜಿಗೆ ನಾನು ಅದನ್ನು ಹೇಳಲಾರೆ.

ಕೊಳ್ಳುವಾಗ ಡಬ್ಬವನ್ನು ಹೇಗೆ ಓದಬೇಕು ಎಂಬುದು ಉಳಿಯಿತು. ಎಲ್‌ಇಡಿ ಮಾನಿಟರ್ ಎಂಬ ದೊಡ್ಡ ಅಕ್ಷರಗಳಿಂದ ಪ್ಯಾನೆಲ್ಲಿನ ಜಾತಿ ತಿಳಿಯುವುದಿಲ್ಲ, ಅದು ಹಿಂದಿನ ದೀಪದ ಹೆಸರು. ಲಕ್ಷ, ಕೋಟಿಗಳಲ್ಲಿ ಬರೆದ ಡೈನಾಮಿಕ್ ಕಾಂಟ್ರಾಸ್ಟನ್ನು ಓದದೆ ಬಿಡಿ. ಸಾಮಾನ್ಯ ಕಾಂಟ್ರಾಸ್ಟ್ 1000 ಅಥವಾ 1300 ಇದ್ದು ಕೋನ 178 ಡಿಗ್ರಿ ಎಂದಿದ್ದರೆ ಅದು ಐಪಿಎಸ್ ಬಳಗದ್ದು, 3000 ಅಥವಾ ಮೇಲಿದ್ದರೆ ಸಾಮಾನ್ಯವಾಗಿ ವಿಎ. ಕೋನ 170 ಮತ್ತು 160 ಎಂದು ಬೇರೆಬೇರೆ ಬರೆದಿದ್ದರೆ ಅದು ಹಳೆಯ ಟಿಎನ್, ಇಲ್ಲಿ ಹೇಳಿದ ಯಾವ ಕೆಲಸಕ್ಕೂ ಈಗ ಅದನ್ನು ಕೊಳ್ಳಬೇಕಾದ ಕಾರಣವಿಲ್ಲ. ಮನೆಗೆ ತಂದ ಮೊದಲ ರಾತ್ರಿಯೇ, ಹಿಂದಿರುಗಿಸುವ ಅವಧಿ ಮುಗಿಯುವ ಮುನ್ನ, ದೀಪ ಆರಿಸಿ ಪೂರ್ತಿ ಕಪ್ಪು ಚಿತ್ರವೊಂದನ್ನು ಹಾಕಿ ನೋಡಿ. ವಿಎ ಆದರೆ ಕಪ್ಪು ಹಿನ್ನೆಲೆಯ ಪುಟವೊಂದರಲ್ಲಿ ಕಡುಬೂದು ಅಕ್ಷರಗಳನ್ನು ವೇಗವಾಗಿ ಮೇಲೆ ಕೆಳಗೆ ಸರಿಸಿ, ಮಸಿ ಎಷ್ಟು ಉಳಿಯುತ್ತದೆ ಎಂದು ಗಮನಿಸಿ. ಐಪಿಎಸ್ ಆದರೆ ಮೂಲೆಗಳಲ್ಲಿ ಮಸುಕಾದ ಹೊಳಪು ಕಾಣುತ್ತದೆ. ತಲೆಯನ್ನು ಅತ್ತಿತ್ತ ಸರಿಸಿ ನೋಡಿ. ನಿಮ್ಮ ಜೊತೆ ಆ ಹೊಳಪೂ ಸರಿದರೆ ಅದು ಐಪಿಎಸ್‌ನ ಸ್ವಭಾವ, ಇನ್ನೊಂದು ತಂದರೂ ಇರುತ್ತದೆ. ಎತ್ತ ಸರಿದರೂ ಅದು ಇದ್ದ ಜಾಗದಲ್ಲೇ ಇದ್ದರೆ ಅಂಚಿನಿಂದ ಹಿಂಬೆಳಕು ಸೋರುತ್ತಿದೆ ಎಂದರ್ಥ. ಅದು ತಯಾರಿಕೆಯ ದೋಷ, ಬದಲಿಸಿ ಕೊಡಿ ಎಂದು ಮರುದಿನವೇ ಕೇಳಿ.